‘ಸೂಯ೯’ ಎಲ್ಲಿಂದ ಬಂತು?

ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆ ಮನೆಗಳಲ್ಲಿ ಉಳಿದಿರುವ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿದರೆ ಕೈಗೆ ಸಿಗುವುದು ಪುಟಗಳ ಚಿತ್ರ ಮಾತ್ರ. ಕನ್ನಡ ಕಾಗುಣಿತ ಪರೀಕ್ಷಕದ ಪದಪಟ್ಟಿ ಕಟ್ಟಲು ಬೇಕಾಗಿರುವುದು ಪದಗಳು. ಚಿತ್ರದಿಂದ ಅಕ್ಷರ ತೆಗೆಯಲು ಟೆಸೆರಾಕ್ಟ್‌ನಂಥ ಮುಕ್ತ ತಂತ್ರಾಂಶವಿದೆ:

```
tesseract puta.png puta -l kan --psm 6
```

ಹೀಗೆ ಬಂದ ಪಠ್ಯದಲ್ಲಿ ‘ಸೂಯ೯’, ‘ಮೂತಿ೯’, ‘ಸ್ವಗ೯’ ಎಂಬ ರೂಪಗಳು ಕಾಣಿಸಿಕೊಳ್ಳುತ್ತವೆ. ಇದರ ಮೂಲ ಮುದ್ರಣದ ಪದ್ಧತಿಯಲ್ಲಿದೆ. ಅರ್ಕಾವೊತ್ತನ್ನು ಉಚ್ಚರಿಸುವುದು ಅಕ್ಷರಕ್ಕೆ ಮೊದಲು, ಅಚ್ಚಿನಲ್ಲಿ ಕೂರಿಸುವುದು ಅದರ ನಂತರ. ಅದರ ಆಕಾರವೂ ಕನ್ನಡದ ಒಂಬತ್ತರಂತೆಯೇ ಇದೆ. ಯೂನಿಕೋಡ್ ಮಾತ್ರ ಉಚ್ಚಾರಣೆಯ ಕ್ರಮವನ್ನು ಹಿಡಿದು ‘ರ್ಯ’ವನ್ನು ರ, ‘್’ ಎಂಬ ವಿರಾಮ, ಯ ಎಂದು ದಾಖಲಿಸುತ್ತದೆ. ಯಂತ್ರ ಎಡದಿಂದ ಬಲಕ್ಕೆ ಕಂಡದ್ದನ್ನು ಕಂಡಂತೆ ಬರೆದರೆ ‘ಯ೯’ ಆಗುತ್ತದೆ.

ತಿದ್ದುಪಡಿ ಮೇಲ್ನೋಟಕ್ಕೆ ಸುಲಭ. ವ್ಯಂಜನ, ಒತ್ತು, ಸ್ವರಚಿಹ್ನೆಗಳ ಗುಂಪಿನ ನಂತರ ೯ ಬಂದರೆ ಅದನ್ನು ತೆಗೆದು ಗುಂಪಿನ ಮುಂದೆ ‘ರ್’ ಇಡಬೇಕು. ಪೈಥಾನ್‌ನಲ್ಲಿ ಹೀಗೆ:

```
s = re.sub(r'([ಕ-ಹ](?:್[ಕ-ಹ])*[ಾ-ೌ]?)೯', r'ರ್\1', s)
```

‘ಮೂತಿ೯’ ಮೂರ್ತಿಯಾಗುತ್ತದೆ, ‘ಅಘ್ಯ೯’ ಅರ್ಘ್ಯವಾಗುತ್ತದೆ. ‘೧೮೯೯’ರಂಥ ಇಸವಿಗೆ ಏನೂ ಆಗುವುದಿಲ್ಲ, ಅಲ್ಲಿ ೯ರ ಹಿಂದೆ ಅಕ್ಷರವಿಲ್ಲ. ಆದರೆ ನಡುವಿನ ಜಾಗ ಅಳಿಸಿಹೋಗಿ ‘ಪುಟ೯’ ಎಂದು ಬಂದಿದ್ದರೆ ಅದು ‘ಪುರ್ಟ’ ಆಗಿಬಿಡುತ್ತದೆ! ಆದ್ದರಿಂದ ತಿದ್ದಿದ ರೂಪ ಸಂಗ್ರಹದ ಬೇರೆ ಪುಸ್ತಕಗಳಲ್ಲೂ ಇದ್ದರೆ ಮಾತ್ರ ಬದಲಾವಣೆಯನ್ನು ಒಪ್ಪಬೇಕು. ಇಲ್ಲದಿದ್ದರೆ ಆ ಸಾಲನ್ನು ಪುಟದ ಚಿತ್ರದೊಡನೆ ಹೋಲಿಸಿ ನೋಡಲು ಬೇರೆ ಇಡಬೇಕು.

ಇನ್ನೊಂದು ತೊಡಕು ಕಣ್ಣಿಗೇ ಕಾಣುವುದಿಲ್ಲ. ‘ೊ’ ಒಂದೇ ಚಿಹ್ನೆಯಾಗಿಯೂ ಇರಬಹುದು, ‘ೆ’ ಮತ್ತು ‘ೂ’ ಸೇರಿಯೂ ಆಗಿರಬಹುದು. ತೆರೆಯ ಮೇಲೆ ಎರಡೂ ಒಂದೇ, ಪದಪಟ್ಟಿಯಲ್ಲಿ ಎರಡು ಬೇರೆ ಪದಗಳು. ಎಲ್ಲಕ್ಕಿಂತ ಮೊದಲು `unicodedata.normalize('NFC', s)` ನಡೆಸಿದರೆ ಇದು ಮುಗಿಯುತ್ತದೆ.

ನನಗೆ ಹೆಚ್ಚು ಆತಂಕ ತರುವುದು ಅತಿಯಾದ ತಿದ್ದುವಿಕೆ. ವಿರಳ ಪದವನ್ನು ಅದಕ್ಕೆ ಹತ್ತಿರದ ಸಾಮಾನ್ಯ ಪದಕ್ಕೆ ಬದಲಿಸುವ ವಿಧಾನ ‘ಪ’ ಮತ್ತು ‘ಷ’, ‘ಘ’ ಮತ್ತು ‘ಫ’ಗಳ ಗೊಂದಲವನ್ನು ಚೆನ್ನಾಗಿಯೇ ಬಿಡಿಸುತ್ತದೆ. ಅದೇ ವಿಧಾನ ‘ಅಡಕೆ’ಯನ್ನು ‘ಅಡಿಕೆ’ ಮಾಡುತ್ತದೆ; ಒಂದೇ ಗುಣಿತದ ವ್ಯತ್ಯಾಸ, ಎರಡೂ ಸರಿಯಾದ ರೂಪಗಳೇ. ‘ಕೊನೆಗೌಡ’, ‘ಸೊಪ್ಪಿನಬೆಟ್ಟ’ದಂಥ ಅಡಕೆ ಕೃಷಿಯ ಪದಗಳು ಒಂದೆರಡು ಪುಸ್ತಕಗಳಲ್ಲಷ್ಟೇ ಬಂದರೆ, ವಿರಳ ಪದಗಳನ್ನು ಕೈಬಿಡುವ ಜರಡಿಯಲ್ಲಿ ಬಿದ್ದೇಹೋಗುತ್ತವೆ. ಆಮೇಲೆ ಅಡಕೆ ತೋಟದ ಬಗ್ಗೆ ಬರೆಯುವವರ ಪ್ರತಿ ಸಾಲಿನ ಕೆಳಗೂ ಕೆಂಪು ಗೆರೆ.

ಇದಕ್ಕೆ ದಾರಿ, ಬದಲಾವಣೆಯನ್ನು ಯಂತ್ರ ಓದುವಾಗ ತಪ್ಪುವ ಅಕ್ಷರಜೋಡಿಗಳಿಗೆ ಸೀಮಿತಗೊಳಿಸುವುದು. ‘ಡ’ ಮತ್ತು ‘ಡಿ’ಯನ್ನು ಆ ಪಟ್ಟಿಗೆ ಸೇರಿಸಬಾರದು. ಜರಡಿಯಲ್ಲಿ ಬಿದ್ದುಹೋಗುವ ವಿರಳ ಪದಗಳನ್ನು ಆಯಾ ಪುಟದ ತುಣುಕು ಚಿತ್ರದೊಂದಿಗೆ ಮಲೆನಾಡಿನ ಕೃಷಿ ಬಲ್ಲವರೊಬ್ಬರು ನೋಡಿ ಒಪ್ಪಬೇಕು. ಕೆಲಸ ನಿಧಾನವಾಗುತ್ತದೆ, ಆದರೆ ‘ಅಡಕೆ’ ಪಟ್ಟಿಯಲ್ಲಿ ಉಳಿಯುತ್ತದೆ.