ಹಳೆಯ ಬಿ.ಎಡ್., ಎರಡು ದಿನಾಂಕ: ಗಡಿನಾಡಿನ ಶಿಕ್ಷಕರ ಪ್ರಮಾಣಪತ್ರದ ಗೋಜಲು

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಕನ್ನಡ ಶಾಲೆಗಳು ಉಳಿದವು, ಅಲ್ಲಿ ಪಾಠ ಮಾಡಲು ಬೇಕಾದ ಪದವಿಗಾಗಿ ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋಗುವುದೂ ಉಳಿಯಿತು. 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಶುರುವಾದ ಮೇಲೆ ದಾರಿ ಹತ್ತಿರವಾಯಿತು. ಹೀಗೆ ನೇಮಕ ಮಾಡುವುದು ಕೇರಳ, ಪ್ರಮಾಣಪತ್ರ ಕೊಡುವುದು ಕರ್ನಾಟಕ. ಈಗ ನಿವೃತ್ತಿಯ ಅಂಚಿನಲ್ಲಿರುವ ಕೆಲವರ ಕಡತಗಳಲ್ಲಿ ಏಳುವ ತಕರಾರಿನ ಬೇರು ಇಲ್ಲಿದೆ.

ಈ ತಕರಾರನ್ನು ಊರಿನಲ್ಲಿ ‘ಸರ್ಟಿಫಿಕೇಟ್ ಕೇಸು’ ಎಂದು ಒಂದೇ ಹೆಸರಿನಿಂದ ಕರೆಯುತ್ತಾರೆ. ನಿಜಕ್ಕೂ ಅದರಲ್ಲಿ ಎರಡು ಬಗೆಯಿದೆ. ಪ್ರಮಾಣಪತ್ರವೇ ಸುಳ್ಳಾಗಿರುವುದು ಒಂದು. ಪತ್ರ ಅಸಲಿಯೇ ಆಗಿದ್ದು, ಅರ್ಜಿ ಹಾಕಿದ ದಿನ ಅದು ಕೈಗೆ ಬಂದಿರದೇ ಇರುವುದು ಇನ್ನೊಂದು. ಎರಡನೆಯದು ಹೇಗೆ ಕಣ್ಣು ತಪ್ಪಿಸುತ್ತದೆ ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡಬಹುದು.

ಕೇರಳದ ಲೋಕಸೇವಾ ಆಯೋಗ, ಅಂದರೆ ಪಿಎಸ್‌ಸಿ, ಕನ್ನಡ ಮಾಧ್ಯಮದ ಶಿಕ್ಷಕ ಹುದ್ದೆಗೆ ಅರ್ಜಿ ಕರೆದಿದೆ, ಕೊನೆಯ ದಿನ 2006ರ ಮಾರ್ಚ್ 15. ಅಭ್ಯರ್ಥಿಗೆ ಬಿ.ಎಡ್.ನ ಒಂದು ಪೇಪರ್ ಬಾಕಿಯಿತ್ತು. ಅದನ್ನು 2005ರ ನವೆಂಬರಿನಲ್ಲಿ ಬರೆದಾಗಿದೆ, ಫಲಿತಾಂಶ ಮಾತ್ರ ಬಂದಿಲ್ಲ. ಹೇಗೂ ಪಾಸಾಗುತ್ತೇನೆಂಬ ಧೈರ್ಯದಲ್ಲಿ ‘ಬಿ.ಎಡ್. ತೇರ್ಗಡೆ’ ಎಂದೇ ತುಂಬಿಸುತ್ತಾರೆ. ಏಪ್ರಿಲ್ 20ಕ್ಕೆ ಫಲಿತಾಂಶ ಬರುತ್ತದೆ, ಪಾಸು. ಅಂಕಪಟ್ಟಿಯಲ್ಲಿ ಅಚ್ಚಾಗಿರುವುದು ‘ನವೆಂಬರ್ 2005’, ಅದು ಪರೀಕ್ಷೆ ನಡೆದ ತಿಂಗಳು. ದಾಖಲೆ ನೋಡುವವರು ನವೆಂಬರ್ ಮಾರ್ಚ್‌ಗಿಂತ ಮೊದಲು ಎಂದು ಗುರುತು ಹಾಕಿ ಮುಂದಕ್ಕೆ ಕಳಿಸುತ್ತಾರೆ. 2007ರಲ್ಲಿ ನೇಮಕ.

ಕಾನೂನು ನೋಡುವುದು ಪರೀಕ್ಷೆಯ ತಿಂಗಳನ್ನಲ್ಲ, ಫಲಿತಾಂಶದ ದಿನವನ್ನು. ಬೇರೆ ದಿನಾಂಕವನ್ನು ಅಧಿಸೂಚನೆಯೇ ಹೇಳದಿದ್ದರೆ ಅರ್ಜಿಯ ಕೊನೆಯ ದಿನದೊಳಗೇ ಅರ್ಹತೆ ಇರಬೇಕು, ಸಂದರ್ಶನದೊಳಗೆ ಬಂದರೆ ಸಾಲದು ಎಂದು ಸುಪ್ರೀಂ ಕೋರ್ಟ್ 1997ರಲ್ಲಿ ಸ್ಪಷ್ಟಪಡಿಸಿತು. ಘಟಿಕೋತ್ಸವದ ಪದವಿಪತ್ರದ ದಿನಾಂಕಕ್ಕೂ ಇಲ್ಲಿ ಕೆಲಸವಿಲ್ಲ. ಅದು ಹಲವು ತಿಂಗಳು ತಡವಾಗಿ ಬರುವುದು ಸಹಜ. ಆ ತಡವನ್ನೇ ಹಿಡಿದುಕೊಂಡು ನಿರಪರಾಧಿಗಳಿಗೂ ವಿವರಣೆ ಕೇಳುವ ಮೆಮೊ ಹೋಗುವುದುಂಟು. ಅಂಥವರು ಫಲಿತಾಂಶದ ದಿನಾಂಕವಿರುವ ಪತ್ರವನ್ನು ವಿಶ್ವವಿದ್ಯಾನಿಲಯದಿಂದ ತಂದು ಒಪ್ಪಿಸಿದರೆ ಸಾಕು.

ಹದಿನೆಂಟು ವರ್ಷದ ಬಳಿಕ ಬಡ್ತಿಗೋ ಪಿಂಚಣಿಗೋ ಸೇವಾ ಪುಸ್ತಕ ತೆರೆದಾಗ ಕಚೇರಿಯಿಂದ ವಿಶ್ವವಿದ್ಯಾನಿಲಯದ ಪರೀಕ್ಷಾಂಗ ಕುಲಸಚಿವರಿಗೆ ಪತ್ರ ಹೋಗುತ್ತದೆ. ಪ್ರೊಬೇಷನ್ ಮುಗಿಯುವ ಮೊದಲೇ ಹೋಗಬೇಕಿದ್ದ ಪತ್ರ ಅದು. ಹೋಗದ ಪತ್ರಕ್ಕೆ ಯಾರ ಮೇಜಿನಲ್ಲೂ ಲೆಕ್ಕ ಸಿಗುವುದಿಲ್ಲ, ಹೋದ ಪತ್ರಕ್ಕೆ ಬಂದ ಉತ್ತರದ ಲೆಕ್ಕ ಮಾತ್ರ ನೌಕರರ ತಲೆಗೆ. ‘ಈ ನೋಂದಣಿ ಸಂಖ್ಯೆ ನಮ್ಮ ರಿಜಿಸ್ಟರಿನಲ್ಲಿಲ್ಲ’ ಎಂದು ಉತ್ತರ ಬಂದರೆ ಪತ್ರವೇ ನಕಲಿ. ‘ಅಸಲಿ, ಫಲಿತಾಂಶ 20-4-2006’ ಎಂದು ಬಂದರೆ ನಮ್ಮ ಉದಾಹರಣೆ.

ನಕಲಿಯಾದರೆ ಸೇವೆಯ ಉದ್ದ ಕಾಪಾಡುವುದಿಲ್ಲ. ಸುಳ್ಳು ಜಾತಿ ಪ್ರಮಾಣಪತ್ರದ ಮೇಲೆ 27 ವರ್ಷ ದುಡಿದ ಕೇರಳದ ಪೊಲೀಸ್ ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ, ಮೋಸದಿಂದ ಬಂದ ನೇಮಕ ನೇಮಕವೇ ಅಲ್ಲ ಎಂದಿತು. ವಜಾ ಮಾಡುವುದಕ್ಕೆ ಬದಲು ಕಡ್ಡಾಯ ನಿವೃತ್ತಿ ಕೊಟ್ಟು ಪಿಂಚಣಿ ಉಳಿಸಿ ಎಂಬ ಬೇಡಿಕೆಯನ್ನೂ ಒಪ್ಪಲಿಲ್ಲ. ಅಸಲಿ ಪತ್ರದ, ತಡ ದಿನಾಂಕದ ನೌಕರರಿಗೂ ಅದೇ ತೀರ್ಪು ಓದಿ ಹೇಳುವುದು ಈಗಿನ ರೂಢಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅತಿ. ಹಾಗೆಂದು ಎರಡನೆಯವರು ಪೂರ್ತಿ ಪಾರೂ ಅಲ್ಲ: ಅರ್ಹತೆ ಇಲ್ಲದ ದಿನ ಇದೆ ಎಂದು ಬರೆದು ಸಹಿ ಹಾಕಿದ್ದು ಸುಳ್ಳು ಹೇಳಿಕೆಯೇ. ಮೆಮೊಗೆ ಉತ್ತರ ಕೊಡುವಾಗ ದೊಡ್ಡ ತಪ್ಪಾಗುವುದು ಇಲ್ಲೇ. ‘ಗೊತ್ತಿರಲಿಲ್ಲ’ ಎಂದರೆ ಸಹಿ ಹಾಕಿದ ಅರ್ಜಿಯೇ ಎದುರು ನಿಲ್ಲುತ್ತದೆ. ಫಲಿತಾಂಶ ಬಾಕಿಯಿದ್ದುದನ್ನು ಒಪ್ಪಿಕೊಂಡು, ಸೇರುವ ಹೊತ್ತಿಗೆ ಪದವಿ ಕೈಯಲ್ಲಿತ್ತೆಂದು ದಿನಾಂಕ ಸಮೇತ ತೋರಿಸುವ ಉತ್ತರಕ್ಕೆ ವಿಚಾರಣೆಯಲ್ಲಿ ಹೆಚ್ಚು ಬಲ.

ಖಾಸಗಿ ಶಾಲೆಗಳಲ್ಲಿ ಪೆಟ್ಟು ಗ್ರಾಚ್ಯುಯಿಟಿಗೆ, ಅಂದರೆ ಕೆಲಸ ಬಿಡುವಾಗ ಸೇವೆಯ ಲೆಕ್ಕಕ್ಕೆ ಸಿಗುವ ಇಡಿಗಂಟಿಗೆ. ಕೊನೆಯ ಸಂಬಳ 26,000 ರೂಪಾಯಿ, ಸೇವೆ 18 ವರ್ಷ ಎಂದಿಟ್ಟುಕೊಂಡರೆ ಸಂಬಳವನ್ನು 26ರಿಂದ ಭಾಗಿಸಿ, 15ರಿಂದಲೂ 18ರಿಂದಲೂ ಗುಣಿಸಬೇಕು: 2,70,000 ರೂಪಾಯಿ. ನೈತಿಕ ಅಧಃಪತನದ ಅಪರಾಧವೆಂದು ಇದನ್ನು ತಡೆಹಿಡಿಯಲು ಕ್ರಿಮಿನಲ್ ಕೋರ್ಟಿನಲ್ಲಿ ಶಿಕ್ಷೆಯಾಗಿರಬೇಕು ಎಂದು ಸುಪ್ರೀಂ ಕೋರ್ಟಿನ 2018ರ ತೀರ್ಪು ಹೇಳಿತ್ತು. 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟೇ ಅದು ಬೇಕಿಲ್ಲ ಎಂದಿತು. ಆ ಪ್ರಕರಣಗಳಲ್ಲೊಂದು ಸುಳ್ಳು ಜನ್ಮದಿನಾಂಕದ ದಾಖಲೆಯದೇ. ಭವಿಷ್ಯನಿಧಿಯ ಹಣ ಮಾತ್ರ ನೌಕರರದ್ದೇ, ಅದಕ್ಕೆ ಸಂಸ್ಥೆ ಕೈ ಹಾಕುವಂತಿಲ್ಲ.

ಸರಕಾರಿ ನೌಕರರಿಗೆ ಇನ್ನೊಂದು ಗಡುವಿದೆ. ಕೇರಳ ಸೇವಾ ನಿಯಮಗಳ ಪ್ರಕಾರ ನಿವೃತ್ತಿಯ ನಂತರ ಹೊಸದಾಗಿ ಇಲಾಖಾ ವಿಚಾರಣೆ ಶುರು ಮಾಡುವುದಾದರೆ, ನಾಲ್ಕು ವರ್ಷಕ್ಕಿಂತ ಹಳೆಯ ಘಟನೆಯನ್ನು ಎತ್ತುವಂತಿಲ್ಲ. ವರ್ಷಗಟ್ಟಲೆ ಮಲಗಿದ್ದ ಕಡತ ಕೊನೆಯ ತಿಂಗಳಲ್ಲಿ ಓಡತೊಡಗುವುದು ಇದಕ್ಕೇ. ಪೊಲೀಸ್ ಕೇಸಿಗೆ ಈ ಗಡುವು ಅನ್ವಯಿಸುವುದಿಲ್ಲ. ವಂಚನೆಗೆ ಏಳು ವರ್ಷದವರೆಗೆ ಶಿಕ್ಷೆ ಇರುವುದರಿಂದ ಅದಕ್ಕೆ ಕಾಲಮಿತಿಯಿಲ್ಲ, 2006ರ ಅರ್ಜಿಗೆ ಇಂದು ದೂರು ಕೊಟ್ಟರೂ ಹಳೆಯ ಭಾರತೀಯ ದಂಡ ಸಂಹಿತೆಯಡಿಯೇ ಕೇಸು ನಡೆಯುತ್ತದೆ.