ಸ ಮತ್ತು ಶ: ಕಿವಿಗೆ ಸುಲಭ, ಅಳತೆಗೆ ಯಾಕೆ ಇಷ್ಟು ಕಷ್ಟ?

ಸಾಲು. ಶಾಲು. ಜೋರಾಗಿ ಹೇಳಿ ನೋಡಿ. ಯಾರಿಗೂ ಗೊಂದಲ ಆಗೋದಿಲ್ಲ. ಆದರೆ ಇವೆರಡರ ವ್ಯತ್ಯಾಸವನ್ನು ಅಂಕಿಯಲ್ಲಿ ಹೇಳಿ ಅಂದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಒಂದು ಲೇಖನದಲ್ಲಿ ಸ ಶಬ್ದಕ್ಕೆ 5,000 ಹರ್ಟ್ಸ್ ಅಂತಿರುತ್ತದೆ, ಇನ್ನೊಂದರಲ್ಲಿ 7,000. ಎರಡೂ ಒಂದೇ ಭಾಷೆಯ, ಒಂದೇ ವಯಸ್ಸಿನ ಜನರ ಮೇಲೆ ಅಳೆದದ್ದೇ ಆಗಿರಬಹುದು. ಓದುವವರಿಗೆ ತಲೆ ಕೆಡುವುದು ಸಹಜ. ಈ ಗೋಜಲು ಹೇಗೆ ಬೆಳೆಯಿತು ಅಂತ ಸ್ವಲ್ಪ ಹಿಂದಿನಿಂದ ನೋಡೋಣ.

ಮೊದಲು ಬಾಯೊಳಗೆ ಏನಾಗುತ್ತದೆ ಅಂತ ನೋಡಬೇಕು. ಸ ಹೇಳುವಾಗ ನಾಲಿಗೆ ಮೇಲ್ದವಡೆಯ ಹತ್ತಿರ ಬಂದು ಸಣ್ಣ ಸಂದು ಬಿಡುತ್ತದೆ. ಆ ಸಂದಿನಿಂದ ಗಾಳಿ ಪಿಚಕಾರಿಯ ನೀರಿನ ಹಾಗೆ ನುಗ್ಗಿ ಮುಂದಿನ ಹಲ್ಲಿಗೆ ಬಡಿಯುತ್ತದೆ. ಜೋರಾದ ಬುಸ್ ಸದ್ದು ಹುಟ್ಟುವುದು ಮುಖ್ಯವಾಗಿ ಅಲ್ಲಿ, ಹಲ್ಲಿನ ಹತ್ತಿರ. ಮುಂದಿನ ಹಲ್ಲು ಬಿದ್ದ ಮಗುವಿನ ಸ ಯಾಕೆ ಸಪ್ಪೆ ಅಂತ ಈಗ ಗೊತ್ತಾಯ್ತಲ್ವಾ? ಶ ಹೇಳುವಾಗಲೂ ಇದೇ ಕಥೆ, ಆದರೆ ಸಂದು ಸ್ವಲ್ಪ ಹಿಂದೆ ಇರುತ್ತದೆ.

ಸಂದಿನಿಂದ ತುಟಿಯವರೆಗೆ ಉಳಿಯುವ ಚಿಕ್ಕ ಜಾಗ ಒಂದು ಕಡೆ ಮುಚ್ಚಿದ ಕೊಳವೆಯ ಹಾಗೆ ಕೆಲಸ ಮಾಡುತ್ತದೆ. ಅಂಥ ಕೊಳವೆಯ ಮೊದಲ ಅನುರಣನ, ಅಂದರೆ ಅದು ಸದ್ದನ್ನು ಜೋರು ಮಾಡುವ ಮೊದಲ ಕಂಪನ, ಎಷ್ಟು ಅಂದರೆ, ಶಬ್ದದ ವೇಗವನ್ನು ಕೊಳವೆಯ ಉದ್ದದ ನಾಲ್ಕು ಪಟ್ಟಿನಿಂದ ಭಾಗಿಸಿದಷ್ಟು. ಬಾಯಿಯ ಬೆಚ್ಚನೆ ಗಾಳಿಯಲ್ಲಿ ವೇಗ ಸೆಕೆಂಡಿಗೆ ಸುಮಾರು 35,000 ಸೆಂಟಿಮೀಟರ್. ಸ ಶಬ್ದದ ಮುಂದಿನ ಜಾಗ 1.25 ಸೆಂಟಿಮೀಟರ್ ಅಂತಿಟ್ಟುಕೊಳ್ಳಿ: 35,000 ಭಾಗಿಸು 5, ಅಂದರೆ 7,000 ಹರ್ಟ್ಸ್. ಶ ಶಬ್ದಕ್ಕೆ ಅದು ದುಪ್ಪಟ್ಟು, 2.5 ಸೆಂಟಿಮೀಟರ್ ಆದರೆ 3,500. ಶ ಹೇಳುವಾಗ ನಾಲಿಗೆ ಹಿಂದೆ ಸರಿಯುವುದರಿಂದ ಅದರ ಕೆಳಗೂ ಒಂದು ಪುಟ್ಟ ಪೊಟರೆ ತೆರೆದುಕೊಳ್ಳುತ್ತದೆ. ಅದು ಸೇರಿ ಸದ್ದು ಇನ್ನಷ್ಟು ತಗ್ಗುತ್ತದೆ. ಸ ಅನ್ನುತ್ತಾ ನಾಲಿಗೆಯನ್ನು ನಿಧಾನಕ್ಕೆ ಹಿಂದಕ್ಕೆ ಎಳೆಯಿರಿ. ಸದ್ದು ಸಮನಾಗಿ ಇಳಿಯುವ ಬದಲು ಒಂದು ಹಂತದಲ್ಲಿ ದಡಕ್ಕನೆ ಶ ಆಗಿಬಿಟ್ಟರೆ ಅದಕ್ಕೆ ಈ ಪೊಟರೆಯೂ ಒಂದು ಕಾರಣ.

ಸ ದಂತ್ಯ, ಶ ತಾಲವ್ಯ ಅಂತ ಉಚ್ಚಾರಣೆ ಕಲಿಸುವ ಹಳೆಯ ಶಿಕ್ಷಾ ಗ್ರಂಥಗಳು ಯಾವತ್ತೋ ಹೇಳಿಟ್ಟಿದ್ದವು. ಹುಟ್ಟುವ ಜಾಗ ಗೊತ್ತಿತ್ತು, ಸದ್ದನ್ನು ಕಣ್ಣಿಂದ ನೋಡುವ ದಾರಿ ಮಾತ್ರ ಇರಲಿಲ್ಲ. ಅದು ಸಿಕ್ಕಿದ್ದು 1940ರ ದಶಕದಲ್ಲಿ, ಸದ್ದನ್ನು ಚಿತ್ರವಾಗಿ ಬಿಡಿಸುವ ಬೆಲ್ ಪ್ರಯೋಗಾಲಯದ ಸ್ಪೆಕ್ಟ್ರೋಗ್ರಾಫ್ ಬಂದಾಗ. ಸ್ವರಗಳನ್ನು ನೋಡಲು ಅದು ಹೇಳಿ ಮಾಡಿಸಿದ ಯಂತ್ರ. ಆದರೆ ಮುಂದೆ ಎಲ್ಲ ಕಡೆ ಮಾಮೂಲಾದ ಯಂತ್ರಗಳ ಚಿತ್ರ 8,000 ಹರ್ಟ್ಸ್‌ಗೆ ಮುಗಿದುಹೋಗುತ್ತಿತ್ತು. ಸ ಶಬ್ದದ ಶಕ್ತಿ ಅದರ ಆಚೆಗೂ ಇರುತ್ತದೆ. ಈ 8,000ದ ಗೆರೆಯನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

1956ರಲ್ಲಿ ಹ್ಯೂಸ್ ಮತ್ತು ಹ್ಯಾಲೆ ಈ ಬುಸುಗುಡುವ ಸದ್ದುಗಳ ಸ್ಪೆಕ್ಟ್ರಮ್, ಅಂದರೆ ಎಷ್ಟು ಹರ್ಟ್ಸ್‌ನಲ್ಲಿ ಎಷ್ಟು ಶಕ್ತಿ ಇದೆ ಅನ್ನುವ ನಕ್ಷೆ, ಪ್ರಕಟಿಸಿದರು. ಅವರಿಗೆ ಕಂಡ ಒಂದು ವಿಷಯ ಇವತ್ತಿಗೂ ಈ ಕ್ಷೇತ್ರದ ತಿರುಳು. ಒಬ್ಬರ ಬಾಯಲ್ಲಿ ಸ ಶಬ್ದದ ಶಿಖರ, ಅಂದರೆ ಶಕ್ತಿ ಅತಿ ಹೆಚ್ಚಿರುವ ಜಾಗ, ಶಗಿಂತ ಮೇಲಿರುತ್ತದೆ, ಆದರೆ ಬೇರೆ ಬೇರೆ ಜನರನ್ನು ಒಟ್ಟಿಗೆ ಇಟ್ಟರೆ ಅಂಕಿಗಳು ಒಂದರ ಮೇಲೊಂದು ಬೀಳುತ್ತವೆ. 1961ರಲ್ಲಿ ಹೈಂಜ್ ಮತ್ತು ಸ್ಟೀವನ್ಸ್ ತಿರುಗಿ ನಿಂತು ಯೋಚಿಸಿದರು. ಯಂತ್ರದಲ್ಲೇ ಬುಸ್ ಸದ್ದು ಮಾಡಿ ಅದರ ಅನುರಣನವನ್ನು ಮೇಲೆ ಕೆಳಗೆ ಮಾಡಿದರು. ಕೆಳಗಿದ್ದಾಗ ಕೇಳುಗರು ಶ ಅಂದರು, ಮೇಲೇರಿಸಿದಾಗ ಸ ಅಂದರು. ಕೊಳವೆಯ ಲೆಕ್ಕ ಕಿವಿಯ ಮಟ್ಟದಲ್ಲೂ ನಿಂತಿತು.

(ಹಳೆಯ ಫೋನ್ ಲೈನ್ ಸಾಗಿಸುತ್ತಿದ್ದದ್ದು ಸುಮಾರು 300ರಿಂದ 3,400 ಹರ್ಟ್ಸ್. ಶ ಶಬ್ದದ ಶಿಖರ ಅಂಚಿನಲ್ಲಿ ಹೇಗೋ ನುಸುಳುತ್ತದೆ. ಸ ಶಬ್ದದ ಶಿಖರ ಹೊರಗೇ ಉಳಿಯುತ್ತದೆ. ಫೋನಿನಲ್ಲಿ ಹೆಸರು ಹೇಳುವಾಗ ಸ, ಫ ಕಲಸಿಹೋಗುವುದು ಇದರಿಂದಲೇ, ನಿಮ್ಮ ಉಚ್ಚಾರಣೆಯ ತಪ್ಪಲ್ಲ.)

ನಿಜವಾದ ಗೋಜಲು ಶುರುವಾಗಿದ್ದು 1988ರ ನಂತರ. ಆ ವರ್ಷ ಫಾರೆಸ್ಟ್ ಮತ್ತು ಸಂಗಡಿಗರು ಒಂದು ಚೊಕ್ಕ ಉಪಾಯ ತಂದರು. ಸ್ಪೆಕ್ಟ್ರಮ್ ಅನ್ನು ಸಂಖ್ಯಾಶಾಸ್ತ್ರದ ಹಂಚಿಕೆಯ ಹಾಗೆ ನೋಡಿ ಅದರ ಸರಾಸರಿ, ಹರವು, ಓರೆ, ಮೊನಚು ಅಂತ ನಾಲ್ಕು ಅಂಕಿ ತೆಗೆಯುವುದು. ಇದರಲ್ಲಿ ಸರಾಸರಿಗೆ ಗುರುತ್ವ ಕೇಂದ್ರ ಅನ್ನುವ ಹೆಸರು ಬಂತು. ಶಿಖರ ಎಲ್ಲಿದೆ ಅಂತ ಕಣ್ಣಿಟ್ಟು ಹುಡುಕುವ ಕಷ್ಟ ತಪ್ಪಿತು, ಕಂಪ್ಯೂಟರ್ ಒಂದೇ ಅಂಕಿ ಕೊಡುತ್ತದೆ. ಮಾತಿನ ಸದ್ದು ಅಳೆಯುವ ಪ್ರಾಟ್ ಸಾಫ್ಟ್‌ವೇರ್‌ನಲ್ಲಿ `Get centre of gravity...` ಒತ್ತಿದರೆ ಮುಗೀತು. ಇಷ್ಟು ಸುಲಭವಾದ ಮೇಲೆ ಎಲ್ಲರೂ ಅದನ್ನೇ ಒತ್ತತೊಡಗಿದರು. ನಾನೂ ಒತ್ತಿದೆ.

ತೊಂದರೆ ಎಲ್ಲಿದೆ ಅಂತ ಒಂದು ಆಟಿಕೆ ಲೆಕ್ಕದಲ್ಲಿ ತೋರಿಸುತ್ತೇನೆ. ಒಬ್ಬರ ಸ ಶಬ್ದದ ಒಟ್ಟು ಶಕ್ತಿ 100 ಪಾಲು ಅಂತಿರಲಿ. 3,000 ಹರ್ಟ್ಸ್ ಸುತ್ತ 5 ಪಾಲು, 5,000 ಸುತ್ತ 25, 7,000 ಸುತ್ತ 40, 9,000 ಸುತ್ತ 30. ಗುರುತ್ವ ಕೇಂದ್ರ 6,900. ಅದೇ ವ್ಯಕ್ತಿಯ ಶ ಶಬ್ದದಲ್ಲಿ ಅದೇ ಜಾಗಗಳಲ್ಲಿ 60, 25, 10, 5 ಪಾಲು. ಕೇಂದ್ರ 4,200. ಅಂತರ 2,700 ಹರ್ಟ್ಸ್.

ಈಗ ಅದೇ ಸದ್ದನ್ನು ಸೆಕೆಂಡಿಗೆ 16,000 ಮಾದರಿಗಳಲ್ಲಿ ಧ್ವನಿಮುದ್ರಿಸಿ. ಮಾದರಿ ದರದ ಅರ್ಧಕ್ಕಿಂತ ಮೇಲಿನದು ಉಳಿಯೋದಿಲ್ಲ, ಅಂದರೆ 8,000ಕ್ಕೆ ಕತ್ತರಿ. ನಮ್ಮ ಹಳೆಯ ಗೆರೆ ಮತ್ತೆ ಬಂತು ನೋಡಿ! ಸ ಶಬ್ದದ ಕೊನೆಯ 30 ಪಾಲು ಹೋಯಿತು, ಕೇಂದ್ರ 6,000ಕ್ಕೆ ಇಳಿಯಿತು. ಶ ಕಳೆದುಕೊಂಡದ್ದು 5 ಪಾಲು ಮಾತ್ರ, ಕೇಂದ್ರ ಸುಮಾರು 3,950. ಅಂತರ ಈಗ 2,050. ಬಾಯಿ ಅದೇ, ನಾಲಿಗೆ ಅದೇ, ಆದರೂ 'ಈ ವ್ಯಕ್ತಿಯಲ್ಲಿ ಸ-ಶ ವ್ಯತ್ಯಾಸ ಕಡಿಮೆ' ಅನ್ನುವ ತೀರ್ಮಾನ ಸಿದ್ಧ. ಎರಡು ಸದ್ದೂ ಒಂದೇ ಪ್ರಮಾಣದಲ್ಲಿ ಇಳಿದಿದ್ದರೆ ಹೇಗೋ ಸರಿಪಡಿಸಬಹುದಿತ್ತು. ಸ ಜಾಸ್ತಿ ಇಳಿಯುತ್ತದೆ, ಶ ಕಡಿಮೆ. ಅದೇ ಪೇಚು.

ಕೆಳಗಿನಿಂದಲೂ ಕಾಟ ಇದೆ. ಧ್ವನಿಮುದ್ರಣದಲ್ಲಿ ಫ್ಯಾನ್ ಅಥವಾ ಕರೆಂಟಿನ ಗುಂಯ್ ಸದ್ದು ಸೇರಿಕೊಂಡು ಸೊನ್ನೆಯ ಹತ್ತಿರ 20 ಪಾಲು ಬಂತು ಅಂದುಕೊಳ್ಳಿ. 6,900 ಇದ್ದ ಕೇಂದ್ರ 5,750 ಆಗುತ್ತದೆ. ಹಾಗಾಗಿ ಅಳೆಯುವ ಮೊದಲು 500 ಅಥವಾ 1,000 ಹರ್ಟ್ಸ್‌ಗಿಂತ ಕೆಳಗಿನದನ್ನು ಸೋಸಿ ತೆಗೆಯುವುದು ರೂಢಿ. ಆದರೆ ಒಬ್ಬರು 500ಕ್ಕೆ ಸೋಸುತ್ತಾರೆ, ಇನ್ನೊಬ್ಬರು 1,000ಕ್ಕೆ, ಮತ್ತೊಬ್ಬರು ಬರೆಯುವುದೇ ಇಲ್ಲ.

ನನ್ನದೇ ಕಥೆ ಹೇಳಿದರೆ, ಒಮ್ಮೆ ಎರಡು ಗುಂಪಿನ ಜನರ ಧ್ವನಿಮುದ್ರಣ ಅಳೆದು, ಒಂದು ಗುಂಪಿನ ಸ ಮಂದವಾಗಿದೆ ಅಂತ ಖುಷಿಯಲ್ಲಿ ಟಿಪ್ಪಣಿ ಬರೆದಿಟ್ಟಿದ್ದೆ. ಆಮೇಲೆ ಫೈಲುಗಳನ್ನು ನೋಡಿದರೆ ಒಂದು ಗುಂಪಿನದು 44,100ರಲ್ಲಿ ಇತ್ತು, ಇನ್ನೊಂದು 16,000ದಲ್ಲಿ. ಎಲ್ಲವನ್ನೂ 8,000ಕ್ಕೆ ಕತ್ತರಿಸಿ ಮತ್ತೆ ಅಳೆದೆ. ನನ್ನ ಶೋಧನೆ ಮಾಯ. ಇದನ್ನು ಪತ್ತೆ ಮಾಡುವುದು ಸುಲಭ: ಸ್ಪೆಕ್ಟ್ರಮ್ ಚಿತ್ರ ಬಿಡಿಸಿ ನೋಡಿದರೆ ಗೆರೆ ಒಂದು ಕಡೆ ಗೋಡೆಯಿಂದ ಬಿದ್ದ ಹಾಗೆ ನೇರ ಬೀಳುತ್ತದೆ. ಬಾಯಿಂದ ಬಂದ ಸದ್ದು ಹಾಗೆ ಬೀಳೋದಿಲ್ಲ. ನಾನು ಚಿತ್ರ ನೋಡಿರಲಿಲ್ಲ, ಅಂಕಿ ಮಾತ್ರ ನೋಡಿದ್ದೆ.

ಇನ್ನೊಂದು ಸಮಸ್ಯೆ ಇದೆ, ಇದಕ್ಕೆ ಸಿಗಬೇಕಾದಷ್ಟು ಗಮನ ಸಿಗಲಿಲ್ಲ ಅಂತ ನನಗೆ ಅನಿಸುತ್ತದೆ. ಸ, ಶ ಎರಡೂ ಗಲಭೆಯ ಸದ್ದು, ಸ್ವರದ ಹಾಗೆ ಮತ್ತೆ ಮತ್ತೆ ಬರುವ ಅಲೆಯಲ್ಲ. ಗಲಭೆಯ ಒಂದೇ ತುಣುಕಿನಿಂದ ಸ್ಪೆಕ್ಟ್ರಮ್ ತೆಗೆದರೆ ಮುಳ್ಳುಮುಳ್ಳಾಗಿ ಬರುತ್ತದೆ. ಪ್ರತಿ ಜಾಗದಲ್ಲೂ ತಪ್ಪಿನ ಪ್ರಮಾಣ ಆ ಅಂಕಿಯಷ್ಟೇ ದೊಡ್ಡದು. ತುಣುಕನ್ನು ಉದ್ದ ಮಾಡಿದರೆ ಸರಿಹೋಗುತ್ತದೆ ಅಂತ ತೋರುತ್ತದೆ, ಆದರೆ ಇಲ್ಲ, ಮುಳ್ಳುಗಳು ಇನ್ನೂ ಒತ್ತೊತ್ತಾಗುತ್ತವೆ ಅಷ್ಟೇ. ಹಲವು ತುಣುಕು ತೆಗೆದು ಅವುಗಳ ಸರಾಸರಿ ಮಾಡಬೇಕು. ಒಂದಕ್ಕೊಂದು ಸಂಬಂಧವಿಲ್ಲದ 9 ತುಣುಕಾದರೆ ತಪ್ಪು ಮೂರನೇ ಒಂದಕ್ಕೆ ಇಳಿಯುತ್ತದೆ. ಒಂದೇ ತುಣುಕನ್ನು ಬೇರೆ ಬೇರೆ ತೂಕದ ಕಿಟಕಿಗಳಿಂದ ನೋಡಿ ಸರಾಸರಿ ಮಾಡುವ ಮಲ್ಟಿಟೇಪರ್ ವಿಧಾನವೂ ಇದೆ, ಚಿಕ್ಕ ಸ, ಶಗಳಿಗೆ ಅದೇ ವಾಸಿ. ಮುಳ್ಳುಗಳಲ್ಲೇ ಅತಿ ಎತ್ತರದ್ದನ್ನು ಶಿಖರ ಅಂತ ಬರೆದುಕೊಂಡರೆ ಅದು ಆ ಕ್ಷಣದ ಅದೃಷ್ಟ, ಬಾಯಿಯ ಗುಣ ಅಲ್ಲ.

2000ನೇ ಇಸವಿಯಲ್ಲಿ ಜಾಂಗ್‌ಮನ್ ಮತ್ತು ಸಂಗಡಿಗರು 20 ಇಂಗ್ಲಿಷ್ ಭಾಷಿಕರ ದೊಡ್ಡ ಅಧ್ಯಯನ ಪ್ರಕಟಿಸಿದರು. ಶಿಖರ ಸರಾಸರಿ ಸ ಗುಂಪಿಗೆ 6,839, ಶ ಗುಂಪಿಗೆ 3,820 ಹರ್ಟ್ಸ್. ನಮ್ಮ ಕೊಳವೆಯ ಲೆಕ್ಕಕ್ಕೆ ಎಷ್ಟು ಹತ್ತಿರ ನೋಡಿ. ಈ ಅಂಕಿಗಳನ್ನು ಎಲ್ಲರೂ ಎತ್ತಿ ಹೇಳುತ್ತಾರೆ, ಒಮ್ಮೊಮ್ಮೆ ಅದು ಪ್ರಕೃತಿ ನಿಯಮವೋ ಎಂಬಂತೆ. ಅದು ಒಂದು ಭಾಷೆಯ, ಒಂದು ವಿಧಾನದ, 20 ಜನರ ಸರಾಸರಿ. ಈಚೆಗೆ ಕೆಲವರು ಇಡೀ ಸ್ಪೆಕ್ಟ್ರಮ್ಮಿನ ಸರಾಸರಿ ಬಿಟ್ಟು, ಮುಂದಿನ ಕೊಳವೆಯ ಅನುರಣನ ಇರಬೇಕಾದ ಹರ್ಟ್ಸ್ ಪಟ್ಟಿಯೊಳಗೆ ಮಾತ್ರ ಶಿಖರ ಹುಡುಕುತ್ತಿದ್ದಾರೆ. ಇದರಲ್ಲಿ ಅಂಕಿಗೂ ನಾಲಿಗೆಗೂ ಸಂಬಂಧ ಉಳಿಯುತ್ತದೆ. ಪಟ್ಟಿಯ ಅಂಚು ಎಲ್ಲಿ ಅನ್ನುವ ಜಗಳ ಮಾತ್ರ ಹೊಸದಾಗಿ ಹುಟ್ಟಿಕೊಂಡಿದೆ. ಮಕ್ಕಳ ಬಾಯಿ ಚಿಕ್ಕದು, ಅವರ ಸ ಮೇಲಿನ ಅಂಚನ್ನು ಹಾರಿಹೋಗಬಹುದು.

ಇಷ್ಟೆಲ್ಲ ಅಳೆಯುವಾಗ ಕಿವಿ ಸುಮ್ನೆ ಅಂಕಿ ಓದುತ್ತಿಲ್ಲ ಅನ್ನುವುದು ಬೇರೆ. ಸು ಅನ್ನುವಾಗ ತುಟಿ ಮುಂದಕ್ಕೆ ಬಂದು ಕೊಳವೆ ಉದ್ದವಾಗುತ್ತದೆ, ಸ ಸದ್ದು ತಾನಾಗಿ ಶ ಕಡೆಗೆ ತಗ್ಗುತ್ತದೆ. 1980ರಲ್ಲಿ ಮ್ಯಾನ್ ಮತ್ತು ರೆಪ್ ತೋರಿಸಿದ ಹಾಗೆ, ಎರಡರ ನಡುವಿನ ಅನುಮಾನದ ಬುಸ್ ಸದ್ದನ್ನು ಊ ಸ್ವರದ ಮುಂದೆ ಇಟ್ಟರೆ ಜನ ಅದನ್ನು ಸ ಅಂತಲೇ ಜಾಸ್ತಿ ಕೇಳುತ್ತಾರೆ. 1996ರಲ್ಲಿ ಸ್ಟ್ರಾಂಡ್ ಮತ್ತು ಜಾನ್ಸನ್ ಮಾತಾಡುವವರ ಮುಖವನ್ನೂ ಪರದೆಯ ಮೇಲೆ ತೋರಿಸಿದರು. ಹೆಣ್ಣಿನ ಮುಖ ಕಂಡಾಗ ಕೇಳುಗರು ಸ ಅನ್ನಲು ಇನ್ನೂ ತೀಕ್ಷ್ಣವಾದ ಸದ್ದು ಬೇಕು ಅಂದರು, ಗಂಡಿನ ಮುಖಕ್ಕೆ ಅಷ್ಟು ಬೇಕಾಗಲಿಲ್ಲ. ಸ್ಪೀಕರ್‌ನಿಂದ ಬಂದ ಬುಸ್ ಸದ್ದು ಎರಡಕ್ಕೂ ಒಂದೇ ಆಗಿತ್ತು.