ಬರ್ಫಿಯ ತುಪ್ಪ, ರಸಗುಲ್ಲದ ನೀರು

ಪಾಕ ತೊಟ್ಟಿಕ್ಕುವ ರಸಗುಲ್ಲಕ್ಕಿಂತ ಒಣಗಿದಂತೆ ಕಾಣುವ ಕಡಲೆ ಹಿಟ್ಟಿನ ಬರ್ಫಿಯೇ ದೇಹಕ್ಕೆ ಹಗುರ ಎಂದು ಬಹಳ ಜನ ಭಾವಿಸುತ್ತಾರೆ. ಸಕ್ಕರೆಯನ್ನಷ್ಟೇ ಲೆಕ್ಕ ಹಾಕಿದರೆ ಈ ಭಾವನೆ ಸರಿ. ಕ್ಯಾಲೊರಿಯನ್ನು ಲೆಕ್ಕ ಹಾಕಿದರೆ ಅದು ತಲೆಕೆಳಗಾಗುತ್ತದೆ. ಒಂದು ಗ್ರಾಂ ಸಕ್ಕರೆಯಿಂದ ನಾಲ್ಕು ಕ್ಯಾಲೊರಿ, ಒಂದು ಗ್ರಾಂ ಕೊಬ್ಬಿನಿಂದ ಒಂಬತ್ತು ಕ್ಯಾಲೊರಿ ಸಿಗುತ್ತವೆ, ನೀರಿನಿಂದ ಏನೂ ಸಿಗುವುದಿಲ್ಲ. ಆದ್ದರಿಂದ ಒಂದು ಸಿಹಿಯ ಕ್ಯಾಲೊರಿಯನ್ನು ನಿರ್ಧರಿಸುವುದು ನಾಲಿಗೆಗೆ ತಿಳಿಯುವ ಸಿಹಿಯಲ್ಲ. ಅದರೊಳಗೆ ಎಷ್ಟು ನೀರಿದೆ, ಎಷ್ಟು ಕೊಬ್ಬಿದೆ ಎಂಬುದು.

ಇದನ್ನು ಪರೀಕ್ಷಿಸಲು ಬರ್ಫಿಯೇ ಅನುಕೂಲ, ಏಕೆಂದರೆ ಅದಕ್ಕೆ ಹಾಕಿದ್ದೆಲ್ಲ ಅದರಲ್ಲೇ ಉಳಿಯುತ್ತದೆ. ಬಾಣಲೆಯಲ್ಲಿ ಉಳಿದ ಎಣ್ಣೆಯನ್ನೋ ಪಾತ್ರೆಯಲ್ಲಿ ಉಳಿದ ಪಾಕವನ್ನೋ ಕಳೆಯುವ ಪ್ರಶ್ನೆಯೇ ಇಲ್ಲ. 200 ಗ್ರಾಂ ಕಡಲೆ ಹಿಟ್ಟನ್ನು 150 ಗ್ರಾಂ ತುಪ್ಪದಲ್ಲಿ ಘಮ ಬರುವವರೆಗೆ ಹುರಿದು, 200 ಗ್ರಾಂ ಸಕ್ಕರೆಯ ಒಂದೆಳೆ ಪಾಕಕ್ಕೆ ಸೇರಿಸಿ, ತಟ್ಟೆಗೆ ಸುರಿದು ಇಪ್ಪತ್ತು ಬಿಲ್ಲೆಗಳಾಗಿ ಕತ್ತರಿಸಿದೆವು ಎಂದುಕೊಳ್ಳೋಣ. ಪಾಕದಲ್ಲಿ ಉಳಿಯುವ ಸ್ವಲ್ಪ ನೀರೂ ಸೇರಿ ಒಂದು ಬಿಲ್ಲೆ ಸುಮಾರು 29 ಗ್ರಾಂ ತೂಗುತ್ತದೆ. ಅದರಲ್ಲಿ ಸಕ್ಕರೆ 10 ಗ್ರಾಂ, ಹಿಟ್ಟು 10 ಗ್ರಾಂ, ತುಪ್ಪ ಏಳೂವರೆ ಗ್ರಾಂ. ಕಡಲೆ ಹಿಟ್ಟಿನಲ್ಲೇ ಇರುವ ಅಲ್ಪ ಎಣ್ಣೆಯಂಶವನ್ನೂ ಕೂಡಿದರೆ ಒಟ್ಟು ಕೊಬ್ಬು ಎಂಟು ಗ್ರಾಂ ಆಗುತ್ತದೆ. ಸಕ್ಕರೆಯಿಂದ 40, ತುಪ್ಪದಿಂದ 67, ಹಿಟ್ಟಿನಿಂದ ಸುಮಾರು 36 ಕ್ಯಾಲೊರಿ ಸೇರಿ, ಎರಡು ತುತ್ತಿಗೆ ಮುಗಿಯುವ ಆ ಬಿಲ್ಲೆಯಲ್ಲಿ 143 ಕ್ಯಾಲೊರಿ ಇರುತ್ತದೆ. ಹುರಿದ ಹಿಟ್ಟು ತುಪ್ಪವನ್ನು ಹೀರಿಕೊಂಡು ಬಿಡುವುದರಿಂದ ಮುಟ್ಟಿದ ಬೆರಳಿಗೆ ತೆಳುವಾದ ಜಿಡ್ಡಷ್ಟೇ ಅಂಟುತ್ತದೆ, ಒಳಗಿರುವ ತುಪ್ಪದ ಪ್ರಮಾಣ ಕಣ್ಣಿಗೆ ತಿಳಿಯುವುದೇ ಇಲ್ಲ. ಬಾಯಲ್ಲಿ ಕರಗುವ ಬರ್ಫಿ ಬೇಕೆಂದು ಹಿಟ್ಟಿನಷ್ಟೇ ತುಪ್ಪ ಹಾಕುವವರೂ ಇದ್ದಾರೆ. ಆಗ ಇದೇ ಬಿಲ್ಲೆಗೆ ಇನ್ನೂ ಇಪ್ಪತ್ತಕ್ಕೂ ಹೆಚ್ಚು ಕ್ಯಾಲೊರಿ ಸೇರುತ್ತದೆ.

ರಸಗುಲ್ಲದ ಕಥೆ ಇದಕ್ಕೆ ವಿರುದ್ಧ. ಒಂದು ಲೀಟರ್ ಹಸುವಿನ ಹಾಲನ್ನು ಒಡೆದು ಬಟ್ಟೆಯಲ್ಲಿ ಸೋಸಿದರೆ ಸುಮಾರು 160 ಗ್ರಾಂ ಛೆನಾ ಸಿಗುತ್ತದೆ. ಅದನ್ನು ಅಂಗೈಯಿಂದ ಚೆನ್ನಾಗಿ ನಾದಿ ಹನ್ನೆರಡು ಉಂಡೆ ಕಟ್ಟಿ ಕುದಿಯುವ ತೆಳು ಪಾಕಕ್ಕೆ ಬಿಟ್ಟಾಗ ಅವು ಉಬ್ಬುತ್ತವೆ, ಒಳಗೆಲ್ಲ ಸಣ್ಣ ಸಣ್ಣ ರಂಧ್ರಗಳಾಗುತ್ತವೆ, ಆ ರಂಧ್ರಗಳಿಗೆ ಪಾಕ ತುಂಬುತ್ತದೆ. ಹದಿಮೂರು ಗ್ರಾಮಿನ ಉಂಡೆ ಹೀಗೆ ನಲವತ್ತು ಗ್ರಾಮಿನ ರಸಗುಲ್ಲವಾಗುತ್ತದೆ. ಹಾಲಿನಿಂದ ಬಂದ ಕೊಬ್ಬು ಅದರಲ್ಲಿ ಮೂರು ಗ್ರಾಂ, ಪ್ರೋಟೀನು ಎರಡು ಗ್ರಾಂಗಿಂತ ತುಸು ಹೆಚ್ಚು. ಉಳಿದದ್ದೆಲ್ಲ ನೀರು ಮತ್ತು ಸಕ್ಕರೆ. ನೆನೆದ ಪಾಕದಲ್ಲಿ ನೂರಕ್ಕೆ 45 ಭಾಗ ಸಕ್ಕರೆ ಇದ್ದರೆ ಒಂದು ರಸಗುಲ್ಲದಲ್ಲಿ ಸುಮಾರು ಹದಿನೈದೂವರೆ ಗ್ರಾಂ ಸಕ್ಕರೆ ಇರುತ್ತದೆ. ಎಲ್ಲ ಕೂಡಿದರೂ ನೂರು ಕ್ಯಾಲೊರಿ ದಾಟುವುದಿಲ್ಲ. ಕರಿಯುವ ಕೆಲಸವಿಲ್ಲದ ಕಾರಣ ಹೊರಗಿನಿಂದ ಕೊಬ್ಬು ಸೇರುವ ದಾರಿಯೇ ಇಲ್ಲಿಲ್ಲ. ಬರ್ಫಿ, ರಸಗುಲ್ಲ, ಗುಲಾಬ್ ಜಾಮೂನು, ಜಿಲೇಬಿ ಈ ನಾಲ್ಕನ್ನೂ ಒಂದೊಂದು ತುಂಡಿನ ಲೆಕ್ಕದಲ್ಲಿ ಹೋಲಿಸಿದರೆ ಅತಿ ಕಡಿಮೆ ಕ್ಯಾಲೊರಿಯದು ರಸಗುಲ್ಲವೇ, ಅತಿ ಹೆಚ್ಚು ಸಕ್ಕರೆ ಬೆರೆತದ್ದೂ ಅದೇ.

ರಸಗುಲ್ಲವನ್ನು ಹಿಂಡಿ ತಿನ್ನುವ ರೂಢಿಗೆ ಅರ್ಥವಿದೆಯೇ ಎಂಬುದನ್ನು ಅಡುಗೆಮನೆಯ ತಕ್ಕಡಿಯಿಂದಲೇ ತಿಳಿಯಬಹುದು. ಇಡಿಯಾಗಿ ತೂಗಿ, ಎರಡು ಚಮಚಗಳ ನಡುವೆ ಒತ್ತಿ, ಮತ್ತೆ ತೂಗಬೇಕು. ತೂಕ 40ರಿಂದ 28 ಗ್ರಾಂಗೆ ಇಳಿದರೆ ಹೊರಬಂದ ಪಾಕ 12 ಗ್ರಾಂ. ಅದರ ನೂರಕ್ಕೆ 45 ಭಾಗವೆಂದರೆ ಸುಮಾರು ಐದೂವರೆ ಗ್ರಾಂ ಸಕ್ಕರೆ, 22 ಕ್ಯಾಲೊರಿ. ಅಂದರೆ ಮೂರನೆಯ ಒಂದು ಭಾಗದಷ್ಟು ಸಕ್ಕರೆ ತಟ್ಟೆಯಲ್ಲೇ ಉಳಿಯಿತು. ಇದು ಸಣ್ಣ ಉಳಿತಾಯವಲ್ಲ, ಹಿಂಡಿ ತಿನ್ನುವವರು ಸರಿಯಾದದ್ದನ್ನೇ ಮಾಡುತ್ತಿದ್ದಾರೆ. ಆದರೆ ಹಿಂಡಿದ ಮೇಲೂ ಬರ್ಫಿಯ ಬಿಲ್ಲೆಯಲ್ಲಿರುವಷ್ಟೇ ಸಕ್ಕರೆ ಅದರಲ್ಲಿ ಉಳಿದಿರುತ್ತದೆ ಎಂಬುದನ್ನು ಗಮನಿಸಬೇಕು.

ಗುಲಾಬ್ ಜಾಮೂನಿಗೆ ಈ ಉಪಾಯ ನಡೆಯುವುದಿಲ್ಲ. ಖೋವಾ ಮತ್ತು ಮೈದಾ ಸೇರಿದ ಉಂಡೆ ಕರಿದಾಗ ಗಟ್ಟಿಯಾಗುತ್ತದೆ, ಹೀರಿದ ಪಾಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹಿಂಡಿದರೆ ಪಾಕ ಬರುವ ಮೊದಲು ಜಾಮೂನೇ ಪುಡಿಯಾಗುತ್ತದೆ. 16 ಗ್ರಾಂ ಖೋವಾ, ನಾಲ್ಕು ಗ್ರಾಂ ಮೈದಾ ಇರುವ ಉಂಡೆಯನ್ನು ತೆಗೆದುಕೊಂಡರೆ ಖೋವಾದಿಂದ ನಾಲ್ಕು ಗ್ರಾಂ, ಕರಿಯುವಾಗ ಸುಮಾರು ಎರಡು ಗ್ರಾಂ, ಒಟ್ಟು ಆರು ಗ್ರಾಂ ಕೊಬ್ಬಾಗುತ್ತದೆ. ಪಾಕದಲ್ಲಿ ನೆನೆದು ತೂಕ ಇಮ್ಮಡಿಯಾಗಿ ನಲವತ್ತು ಗ್ರಾಂ ಮುಟ್ಟುವ ಹೊತ್ತಿಗೆ ಹನ್ನೆರಡು ಗ್ರಾಂ ಸಕ್ಕರೆ ಸೇರಿರುತ್ತದೆ. ಖೋವಾದಲ್ಲಿ ಸಹಜವಾಗಿಯೇ ಇರುವ ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್, ಇನ್ನೂ ಮೂರೂವರೆ ಗ್ರಾಂ. ಹೀಗೆ ಜಾಮೂನು 140 ಕ್ಯಾಲೊರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಇದು ಸಣ್ಣ ಉರಿಯಲ್ಲಿ ನಿಧಾನವಾಗಿ ಕರಿದ ಜಾಮೂನಿನ ಲೆಕ್ಕ. ಉರಿ ಜೋರಾದರೆ ಹೊರಪದರ ಬೇಗ ಕಪ್ಪಾಗಿ ಒಳಗೆ ಗಂಟು ಉಳಿಯುತ್ತದೆ, ಪಾಕ ಅಲ್ಲಿಗೆ ಇಳಿಯುವುದಿಲ್ಲ. ಎರಡಾಗಿ ಕತ್ತರಿಸಿದಾಗ ನಡುವೆ ಬಿಳಿಚಿದ ಒಣ ಭಾಗ ಕಂಡರೆ ಈ ಲೆಕ್ಕಕ್ಕಿಂತ ಕಡಿಮೆ ಸಕ್ಕರೆ ಅದಕ್ಕೆ ಸೇರಿದೆ ಎಂದು ತಿಳಿಯಬಹುದು.

ಜಿಲೇಬಿ ಪಾಕದಲ್ಲಿ ಇರುವುದು ಸ್ವಲ್ಪವೇ ಹೊತ್ತು, ಆದರೂ ಅದು ಹೀರುವ ಸಕ್ಕರೆ ಕಡಿಮೆಯಲ್ಲ. ಹುಳಿ ಬಂದ ಮೈದಾ ಹಿಟ್ಟನ್ನು ಬಿಸಿ ಎಣ್ಣೆಗೆ ಸುತ್ತಿದಾಗ ಒಳಗಿನ ನೀರು ಆವಿಯಾಗಿ ಎಳೆ ಟೊಳ್ಳಾಗುತ್ತದೆ. ಅದು ಪಾಕಕ್ಕೆ ಬಿದ್ದೊಡನೆ ಆ ಆವಿ ತಣಿದು ನೀರಾಗಿ, ತೆರವಾದ ಜಾಗಕ್ಕೆ ಪಾಕ ನುಗ್ಗುತ್ತದೆ. ಆ ಪಾಕ ರಸಗುಲ್ಲದ ಪಾಕದಂತೆ ತೆಳುವಲ್ಲ, ಒಂದೆಳೆಯ ಹತ್ತಿರದ್ದು. ನೂರಕ್ಕೆ 70 ಭಾಗದಷ್ಟು ಸಕ್ಕರೆಯೇ. ಮೂವತ್ತು ಗ್ರಾಮಿನ ಒಂದು ತೆಳು ಜಿಲೇಬಿಯಲ್ಲಿ ಸುಮಾರು 14 ಗ್ರಾಂ ಸಕ್ಕರೆ, ನಾಲ್ಕು ಗ್ರಾಂ ಕೊಬ್ಬು, 120 ಕ್ಯಾಲೊರಿ. ಅಂಕಿಗಳು ಸಾಧಾರಣವೆನಿಸಬಹುದು, ಆದರೆ ಜಿಲೇಬಿಯನ್ನು ಒಂದೇ ಸುತ್ತಿಗೆ ನಿಲ್ಲಿಸುವವರು ಅಪರೂಪ. ನೂರು ಗ್ರಾಂ ಕಟ್ಟಿಸಿಕೊಂಡು ಬಂದರೆ ನಾನೂರು ಕ್ಯಾಲೊರಿ ಕಾಗದದ ಪೊಟ್ಟಣದಲ್ಲಿ ಬಂದಂತೆಯೇ.

ಈ ಅಂಕಿಗಳನ್ನು ಬಳಸುವಾಗ ತುಂಡಿನ ತೂಕವನ್ನು ಮರೆಯಬಾರದು. ಅಂಗಡಿಯ ಜಾಮೂನು ಅರವತ್ತು ಗ್ರಾಂ ತೂಗಿದರೆ ಮೇಲಿನದರ ಒಂದೂವರೆ ಪಟ್ಟು ಲೆಕ್ಕ ಹಿಡಿಯಬೇಕು. ಬರ್ಫಿ, ಜಿಲೇಬಿಗಳಲ್ಲಿ ಅರ್ಧ ಕಿಲೋಗೆ ಎಷ್ಟು ತುಂಡು ಬಂತೆಂದು ಎಣಿಸಿದರೆ ಒಂದರ ತೂಕ ಸಿಗುತ್ತದೆ. ಡಬ್ಬದ ರಸಗುಲ್ಲದಲ್ಲಿ ಈ ಭಾಗಾಕಾರ ತಪ್ಪು ಉತ್ತರ ಕೊಡುತ್ತದೆ, ಏಕೆಂದರೆ ಡಬ್ಬದ ಒಟ್ಟು ತೂಕದಲ್ಲಿ ಪಾಕದ ತೂಕವೂ ಸೇರಿರುತ್ತದೆ. ಅಲ್ಲಿ ಒಂದನ್ನು ಸೋಸಿ ತೂಗುವುದೇ ದಾರಿ.

ಯಾವುದನ್ನು ಆರಿಸಬೇಕೆಂಬುದು ಆರಿಸುವವರ ಅಗತ್ಯಕ್ಕೆ ತಕ್ಕಂತೆ ಬದಲಾಗುತ್ತದೆ. ದಿನಕ್ಕೆ 2000 ಕ್ಯಾಲೊರಿ ಉಣ್ಣುವವರು ಹೊರಗಿನಿಂದ ಸೇರಿಸಿದ ಸಕ್ಕರೆಯನ್ನು 50 ಗ್ರಾಂ ಒಳಗೆ, ಸಾಧ್ಯವಾದರೆ 25 ಗ್ರಾಂ ಒಳಗೆ ಇಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆಯ ಸಾರ. ಎರಡು ರಸಗುಲ್ಲ ತಿಂದರೆ ಆ ಕೆಳಗಿನ ಮಿತಿ ದಾಟಿಹೋಗುತ್ತದೆ; ಖೋವಾದ ಲ್ಯಾಕ್ಟೋಸ್ ಈ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಎರಡು ಜಾಮೂನು ಅದರ ಅಂಚಿನಲ್ಲೇ ನಿಲ್ಲುತ್ತವೆ. ತೂಕ ಇಳಿಸಬೇಕೆನ್ನುವವರಿಗೆ ಹಿಂಡಿದ ರಸಗುಲ್ಲವೇ ಮೇಲು. ಇನ್ನು ಸಕ್ಕರೆಯ ಬದಲು ಕ್ಯಾಲೊರಿಯಿಲ್ಲದ ಸಿಹಿಕಾರಕ ಹಾಕಿ ‘ಸಕ್ಕರೆರಹಿತ’ ಎಂದು ಮಾರುವ ಕಡಲೆ ಹಿಟ್ಟಿನ ಬರ್ಫಿಯನ್ನು ನೋಡಿದರೆ, ಒಂದು ಬಿಲ್ಲೆಗೆ ಕಡಿಮೆಯಾಗುವುದು ಆ 40 ಕ್ಯಾಲೊರಿ ಮಾತ್ರ. ತುಪ್ಪ ಮತ್ತು ಹಿಟ್ಟಿನ ನೂರಕ್ಕೂ ಹೆಚ್ಚು ಕ್ಯಾಲೊರಿ ಹಾಗೆಯೇ ಉಳಿಯುತ್ತದೆ, ಮತ್ತು ಅದು ಸಕ್ಕರೆ ಹಾಕಿದ ಇಡೀ ರಸಗುಲ್ಲಕ್ಕಿಂತ ಕಡಿಮೆಯೇನಲ್ಲ.